ಎಂಬಿಎ ಓದಲು ನಿಜಕ್ಕೂ ಎಷ್ಟಾಗುತ್ತದೆ?

ಕೇಳುಗರಿಗೆ ನಮಸ್ಕಾರ.

ಕಳೆದ ಭಾನುವಾರ ಪಕ್ಕದ ಬೀದಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ವಯಸ್ಸು 26, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕ್ಯಾಟ್ ಪರೀಕ್ಷೆ ಚೆನ್ನಾಗಿ ಬರೆದಿದ್ದಾನೆ. "ಅಂಕಲ್, ಎರಡು ವರ್ಷಕ್ಕೆ ಹಾಸ್ಟೆಲ್ ಸೇರಿ ಫೀಸು 25 ಲಕ್ಷ. ಮುಗಿಸಿದರೆ 20 ಲಕ್ಷದ ಪ್ಯಾಕೇಜ್. ಒಂದೂಕಾಲು ವರ್ಷದಲ್ಲಿ ದುಡ್ಡು ವಾಪಸ್, ಅಲ್ವಾ?" ಎಂದ.

ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು. ಈ ಮಾತನ್ನು ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಒಂದು ಹಾಳೆ ತರಿಸಿ ಇಬ್ಬರೂ ಲೆಕ್ಕಕ್ಕೆ ಕೂತೆವು.

ಮೊದಲು ಬಿಟ್ಟು ಹೋಗುವ ಸಂಬಳ. ಈಗ ಅವನ ಕೈಗೆ ತಿಂಗಳಿಗೆ 60 ಸಾವಿರ ಬರುತ್ತದೆ. ಮುಂದಿನ ವರ್ಷ ಶೇಕಡಾ 10 ಹೆಚ್ಚಿದರೆ 66 ಸಾವಿರ. ಎರಡು ವರ್ಷಕ್ಕೆ 15 ಲಕ್ಷದ ಮೇಲಾಯಿತು. ಈ ದುಡ್ಡಿಗೆ ಯಾರೂ ರಸೀದಿ ಕೊಡುವುದಿಲ್ಲ, ಅದಕ್ಕೇ ಮರೆತುಹೋಗುತ್ತದೆ. ಆದರೆ ಬೆಂಗಳೂರಿನ ಬಾಡಿಗೆ, ಊಟಕ್ಕೆ ಅವನು ತಿಂಗಳಿಗೆ 20 ಸಾವಿರ ಖರ್ಚು ಮಾಡುತ್ತಿದ್ದ. ಹಾಸ್ಟೆಲ್ ಫೀಸಿನಲ್ಲೇ ಸೇರಿರುವುದರಿಂದ ಆ 4 ಲಕ್ಷದ 80 ಸಾವಿರ ಉಳಿಯುತ್ತದೆ. ಅದನ್ನು ಕಳೆಯುವುದೇ ನ್ಯಾಯ.

ಇನ್ನು ಸಾಲ. 5 ಲಕ್ಷ ಅವನ ಉಳಿತಾಯ, 20 ಲಕ್ಷ ಸಾಲ, ಬಡ್ಡಿ ಶೇಕಡಾ 10 ಎಂದಿಟ್ಟುಕೊಂಡೆವು. ಓದುವಾಗ ಮತ್ತು ಆಮೇಲೆ ಆರು ತಿಂಗಳು ಕಂತು ಕಟ್ಟಬೇಕಿಲ್ಲ ಎಂದು ಲೆಕ್ಕ ಹಿಡಿದೆವು. ಈ ಬಿಡುವನ್ನು ಮೊರಟೋರಿಯಂ ಅನ್ನುತ್ತಾರೆ. ಕಂತು ಇಲ್ಲ ಅಂದರೆ ಬಡ್ಡಿಯೂ ಇಲ್ಲ ಎಂದು ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. ಸೆಮಿಸ್ಟರ್‌ಗೆ 5 ಲಕ್ಷದಂತೆ ಬಿಡುಗಡೆಯಾದ ಹಣಕ್ಕೆ ಆಯಾ ದಿನದಿಂದಲೇ ಸರಳ ಬಡ್ಡಿ ಓಡುತ್ತಿರುತ್ತದೆ. ಅದು ಸುಮಾರು ಮೂರೂವರೆ ಲಕ್ಷವಾಗಿ ಕೊನೆಗೆ ಅಸಲಿಗೇ ಸೇರುತ್ತದೆ. 20 ಲಕ್ಷದ ಸಾಲ ಕಂತು ಶುರುವಾಗುವ ದಿನ 23 ಲಕ್ಷದ 50 ಸಾವಿರ ಆಗಿರುತ್ತದೆ. ಏಳು ವರ್ಷಕ್ಕೆ ತೀರಿಸಿದರೆ ಕಂತು ತಿಂಗಳಿಗೆ 39 ಸಾವಿರ. ಒಟ್ಟು ಬಡ್ಡಿ 12 ಲಕ್ಷದ 75 ಸಾವಿರದ ಹತ್ತಿರ.

ಎಲ್ಲ ಕೂಡಿ ಕಳೆದಾಗ 25 ಲಕ್ಷದ ಎಂಬಿಎ 48 ಲಕ್ಷಕ್ಕೆ ಬಂದು ನಿಂತಿತು. ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತ.

ಈಗ ಇನ್ನೊಂದು ಕಡೆ. 20 ಲಕ್ಷದ ಪ್ಯಾಕೇಜ್ ಅಂದರೆ ಸಿಟಿಸಿ, ಅವನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚುಯಿಟಿ, ಕೆಲಸ ನೋಡಿ ಕೊಡುವ ಬೋನಸ್ ಎಲ್ಲ ಸೇರಿರುತ್ತದೆ. ತೆರಿಗೆಯೂ ಹೋಗಿ ಕೈಗೆ 1 ಲಕ್ಷದ 15 ಸಾವಿರ ಬರಬಹುದು. ಅದನ್ನು ಅವನ ಇವತ್ತಿನ 60 ಸಾವಿರದ ಜೊತೆ ಹೋಲಿಸಬಾರದು. ಕೆಲಸ ಬಿಡದೆ ಇದ್ದಿದ್ದರೆ ಆ ಹೊತ್ತಿಗೆ 72,600 ಆಗಿರುತ್ತಿತ್ತು. ಹಾಗಾಗಿ ಎಂಬಿಎ ತಂದುಕೊಟ್ಟ ಹೆಚ್ಚಳ ತಿಂಗಳಿಗೆ 42,400. ಕಂತು 39 ಸಾವಿರ. ಮೊದಲ ವರ್ಷ, ಕಂತು ಶುರುವಾದ ಮೇಲೆ ಅವನ ಜೇಬಿಗೆ ಹೆಚ್ಚಿಗೆ ಉಳಿಯುವುದು ತಿಂಗಳಿಗೆ 3,400 ರೂಪಾಯಿ!

ಆ ಹೆಚ್ಚಳವೂ ವರ್ಷಕ್ಕೆ ಶೇಕಡಾ 10ರಂತೆ ಬೆಳೆದರೆ, 48 ಲಕ್ಷ ವಾಪಸ್ ಬರಲು ಕೆಲಸಕ್ಕೆ ಸೇರಿದ ಮೇಲೆ ಏಳು ವರ್ಷ ಬೇಕು. ಆಗ ಅವನಿಗೆ 35. ಅಲ್ಲಿಂದ ಮುಂದಿನದೆಲ್ಲ ಲಾಭವೇ, ಅದೂ ಸಣ್ಣದಲ್ಲ. ಆದರೆ ಕೈಗೆ ಬರುವುದು 1 ಲಕ್ಷದ 15 ಸಾವಿರದ ಬದಲು 90 ಸಾವಿರವಾದರೆ ಹೆಚ್ಚಳ 17,400 ಮಾತ್ರ. ಕಂತು ಅಷ್ಟೇ ಇರುತ್ತದೆ. ಆಗ ಕೆಲಸ ಬಿಡದಿದ್ದಾಗಿನ ಸಂಬಳಕ್ಕಿಂತಲೂ ಕಡಿಮೆ ದುಡ್ಡಿನಲ್ಲಿ ಸಂಸಾರ ತೂಗಿಸಬೇಕು. ನನಗೆ ಭಯವಾಗುವುದು ಇಲ್ಲೇ. ಇಂಥ ಮಕ್ಕಳ ಅಪ್ಪಂದಿರು ಪಿಂಚಣಿ ಹಣದಲ್ಲಿ ಕಂತು ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ.

"ಹಾಗಾದರೆ ಆ 20 ಲಕ್ಷ ನಿಜವೋ ಅಲ್ಲವೋ ಹೇಗೆ ತಿಳಿಯೋದು ಅಂಕಲ್?" ಎಂದು ಕೇಳಿದ. ಕಾಲೇಜಿನ ಜಾಹೀರಾತಿನಲ್ಲಿರುವ ಸರಾಸರಿ ನೋಡಬೇಡ ಎಂದೆ. ನಾಲ್ಕೈದು ಜನರಿಗೆ ಭಾರೀ ಸಂಬಳ ಸಿಕ್ಕರೂ ಸರಾಸರಿ ಮೇಲೇರುತ್ತದೆ. ನೋಡಬೇಕಾದ್ದು ಮೀಡಿಯನ್, ಅಂದರೆ ಸಂಬಳದ ಸಾಲಿನಲ್ಲಿ ನಟ್ಟನಡುವೆ ನಿಂತವನಿಗೆ ಸಿಕ್ಕಿದ್ದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕಾಲೇಜುಗಳು ಮೀಡಿಯನ್ ಸಂಬಳವನ್ನೂ, ಎಷ್ಟು ಜನ ಪಾಸಾಗಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬುದನ್ನೂ ಕೊಟ್ಟಿರುತ್ತವೆ. ಯಾರು ಬೇಕಾದರೂ ನೋಡಬಹುದು.

ಇನ್ನೊಂದು ಮಾತು ಹೇಳಿ ಕಳಿಸಿದೆ. ಓದುವಾಗಲೇ ಮನೆಯವರು ಬಡ್ಡಿಯನ್ನು ಆಗಾಗ ಕಟ್ಟುತ್ತಾ ಬಂದರೆ ಅಸಲು 20 ಲಕ್ಷದಲ್ಲೇ ನಿಲ್ಲುತ್ತದೆ, ಕಂತು 33,200ಕ್ಕೆ ಇಳಿಯುತ್ತದೆ. ಕೆಲವು ಬ್ಯಾಂಕುಗಳು ಹೀಗೆ ಕಟ್ಟಿದವರಿಗೆ ಬಡ್ಡಿ ದರದಲ್ಲೂ ರಿಯಾಯಿತಿ ಕೊಡುತ್ತವೆ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಹೊಸದರಲ್ಲಿ ಇಲ್ಲ.

ಮೊನ್ನೆ ಸಂಜೆ ಅದೇ ಹಾಳೆ ಹಿಡಿದು ಮತ್ತೆ ಬಂದಿದ್ದ. ಅವನ ಪಟ್ಟಿಯಲ್ಲಿದ್ದ ಮೂರು ಕಾಲೇಜುಗಳಲ್ಲಿ ಎರಡನ್ನು ಹೊಡೆದುಹಾಕಿದ್ದಾನೆ. ಉಳಿದ ಒಂದರ ಪಕ್ಕದಲ್ಲಿ ಮೀಡಿಯನ್ ಸಂಬಳ, ಅದರ ಕೆಳಗೆ ತಿಂಗಳ ಕಂತು ಬರೆದುಕೊಂಡಿದ್ದ.

ನಮಸ್ಕಾರ.