ಹೋದ ಸಮಯ ಯಾರು ಬರೆಯಬೇಕು?

ಶರಣು ಶರಣಾರ್ಥಿ.

ಒಂದು ದೊಡ್ಡ ಸಭೆಯ ಹಾಜರಿ ಪಟ್ಟಿ ನನ್ನ ಕೈಗೆ ಬಂದಿತ್ತು. ಹೋದ ಸಮಯದ ಕಾಲಂನಲ್ಲಿ ಎಲ್ಲರದೂ 5:30. ಒಬ್ಬರು ಮಾತ್ರ ಊಟಕ್ಕೇ ಎದ್ದು ಹೋಗಿದ್ದರು. ಮಧ್ಯಾಹ್ನದ ತೀರ್ಮಾನದ ಹೊತ್ತಿಗೆ ನಾನು ಇರಲೇ ಇಲ್ಲ ಎಂದು ಆಮೇಲೆ ಅವರು ಹೇಳಿದರು. ಪಟ್ಟಿ ಮಾತ್ರ ಇದ್ದರು ಅನ್ನುತ್ತಿತ್ತು. ಬೆಳಿಗ್ಗೆ ಸಹಿ ಮಾಡುವಾಗಲೇ ಎಲ್ಲರೂ ಎರಡೂ ಸಮಯ ತುಂಬಿಬಿಟ್ಟಿದ್ದರು. ಖಾಲಿ ಮನೆ ಕಂಡರೆ ಯಾರಾದರೂ ತುಂಬುತ್ತಾರೆ, ಅಲ್ವಾ? ನನ್ನ ಮಟ್ಟಿಗೆ ತಪ್ಪು ಹಾಳೆಯದೇ.

ಹಾಗಾಗಿ ಹಾಳೆಯನ್ನೇ ಬದಲಿಸೋಣ. ನಮ್ಮ ಕಲಬುರಗಿ ಜಿಲ್ಲೆಯ 11 ತಾಲ್ಲೂಕುಗಳಿಂದ ತಲಾ 20 ಜನ, ಒಟ್ಟು 220 ಜನ ಬರುತ್ತಾರೆ ಎಂದುಕೊಳ್ಳಿ. ಎ4 ಹಾಳೆಯನ್ನು ಅಡ್ಡಲಾಗಿ ಇಡಿ. ಎಡದಿಂದ ಕ್ರಮ ಸಂಖ್ಯೆ, ಹೆಸರು, ಹುದ್ದೆ, ಬಂದ ಸಮಯ, ಸಹಿ. ಅಲ್ಲಿ ಒಂದು ಚುಕ್ಕೆ ಗೆರೆ. ಅದರಾಚೆ ಹೋದ ಸಮಯ, ಮತ್ತೊಂದು ಚಿಕ್ಕ ಸಹಿ. ಬಲ ತುದಿಯಿಂದ ಸುಮಾರು 7 ಸೆಂ.ಮೀ. ಇರುವ ಈ ಭಾಗವನ್ನು ಬೆಳಿಗ್ಗೆ ಹಿಂದಕ್ಕೆ ಮಡಚಿ ಕ್ಲಿಪ್ ಹಾಕಿ. ಕಾಣದ ಮನೆಯನ್ನು ಯಾರೂ ತುಂಬುವುದಿಲ್ಲ.

ಸಾಲಿನ ಎತ್ತರ 12 ಮಿ.ಮೀ. ಇರಲಿ. ಅದಕ್ಕಿಂತ ಕಡಿಮೆಯಾದರೆ ಸಹಿ ಪಕ್ಕದವರ ಮನೆಗೆ ನುಗ್ಗುತ್ತದೆ. ಒಂದು ಹಾಳೆಗೆ 10 ಹೆಸರು, ತಾಲ್ಲೂಕಿಗೆ 2 ಹಾಳೆ, ಒಟ್ಟು 22. ಹೆಸರು, ಹುದ್ದೆ ಮೊದಲೇ ಅಚ್ಚಾಗಿರಲಿ. ಕೊನೆಗೆ ಒಂದು ಖಾಲಿ ಸಾಲು ಬೇಕು, ಯಾಕಂದರೆ ಸಾಹೇಬರ ಬದಲು ಇನ್ನೊಬ್ಬರು ಬರುತ್ತಾರೆ. ಅವರು ಸಾಹೇಬರ ಹೆಸರಿನ ಮುಂದೆ ಸಹಿ ಮಾಡಬಾರದು. ಖಾಲಿ ಸಾಲಿನಲ್ಲಿ ತಮ್ಮದೇ ಹೆಸರು, ತಮ್ಮದೇ ಹುದ್ದೆ, ಜೊತೆಗೆ ಯಾರ ಪರವಾಗಿ ಬಂದರು ಎಂದು ಬರೆಯಲಿ. ಇಲ್ಲದಿದ್ದರೆ ನಡವಳಿಯಲ್ಲಿ ಬಾರದವರು ಬಂದಂತಾಗುತ್ತದೆ.

ಸಮಯವನ್ನು ಬಂದವರ ಕೈಯಲ್ಲಿ ಬರೆಸಬೇಡಿ. 10:50ಕ್ಕೆ ಬಂದವರೂ ಆಮಂತ್ರಣದಲ್ಲಿ ಇದ್ದ 10:30 ಎಂದೇ ಬರೆಯುತ್ತಾರೆ. ಟೇಬಲ್ ಸಿಬ್ಬಂದಿ ಗಡಿಯಾರ ನೋಡಿ ಬರೆಯಲಿ, ಬಂದವರು ಸಹಿ ಮಾತ್ರ ಮಾಡಲಿ. ಒಬ್ಬರಿಗೆ 25 ಸೆಕೆಂಡ್ ಹಿಡಿದರೆ 220 ಜನಕ್ಕೆ ಒಂದೂವರೆ ಗಂಟೆ ಬೇಕು. ತಾಲ್ಲೂಕುಗಳನ್ನು 4 ಟೇಬಲ್‌ಗೆ ಹಂಚಿದರೆ ಒಂದು ಟೇಬಲ್‌ಗೆ ಹೆಚ್ಚೆಂದರೆ 3 ತಾಲ್ಲೂಕು, 60 ಜನ. 25 ನಿಮಿಷದಲ್ಲಿ ಮುಗಿಯುತ್ತದೆ. ನಾಲ್ಕೂ ಗಡಿಯಾರ ಒಂದೇ ಸಮಯ ತೋರಿಸುತ್ತವೆಯಾ ಎಂದು ಮೊದಲೇ ನೋಡಿಕೊಳ್ಳಿ.

ಇನ್ನು ಹೊರಡುವ ಹೊತ್ತು. ಇದೇ ಕಷ್ಟದ್ದು. ಸಭೆ ಮುಗಿದ ಮೇಲೆ ಬಸ್ಸಿಗೆ ಓಡುವವರನ್ನು ಬಾಗಿಲಲ್ಲಿ ನಿಲ್ಲಿಸಲು ಆಗಲ್ಲ. ಅದಕ್ಕೇ ತಾಲ್ಲೂಕುವಾರು ಕೂರಿಸಿ. ನಡುವೆ ಎದ್ದು ಹೋಗುವವರದು ಬಾಗಿಲ ಟೇಬಲ್‌ನಲ್ಲಿ ಆಗಿನ ಸಮಯಕ್ಕೇ ದಾಖಲಾಗಲಿ. ಉಳಿದವರಿಗೆ, ವಂದನಾರ್ಪಣೆ ಶುರುವಾದಾಗ ಮಡಿಕೆ ಬಿಚ್ಚಿ ಹಾಳೆಗಳನ್ನು ಸಾಲುಗಳಿಗೇ ಒಯ್ದು ಸಹಿ ಮಾಡಿಸಿ. ಸಭೆ ಮುಗಿದ ಕೂಡಲೇ ಸಿಬ್ಬಂದಿ ಅದೇ ಸಮಯವನ್ನು ಸಹಿ ಮಾಡಿದವರೆಲ್ಲರ ಹೆಸರಿನ ಮುಂದೆ ಬರೆಯಲಿ. ಸಹಿ ಸಿಗದವರ ಮನೆಯಲ್ಲಿ ಸುಮ್ನೆ 5:30 ಹಾಕಬೇಡಿ. ‘ದಾಖಲಾಗಿಲ್ಲ’ ಎಂದು ಬರೆದು, ಟೇಬಲ್ ನೋಡಿಕೊಂಡವರು ಅದರ ಪಕ್ಕ ಸಹಿ ಹಾಕಲಿ.