ಎಣ್ಣೆ ಡಬ್ಬಿಯನ್ನು ತೂಗಿ ನೋಡಿ

ನಮಸ್ಕಾರ. ಸಣ್ಣ ಹೋಟೆಲ್ ನಡೆಸುವವರೊಂದಿಗೆ ಇವತ್ತು ನನ್ನ ಮಾತು. ಮೆನುವಿನಲ್ಲಿ ಕ್ಯಾಲೊರಿ ಬರೆಯುವ ಕಡ್ಡಾಯ ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವಂಥ ದೊಡ್ಡವರಿಗೆ. ಆದರೂ ಗಿರಾಕಿಗಳು ಕೇಳುತ್ತಾರೆಂದು ನೀವೂ ಬರೆಯಲು ಹೊರಟಿದ್ದೀರಿ. ಒಳ್ಳೆಯದು. ಮೊದಲು ಎಣ್ಣೆಯನ್ನು ತೂಗಿ.

ನನಗೆ ಪರಿಚಯದ ಮಾಲೀಕರೊಬ್ಬರು ಮೊಬೈಲಿನಲ್ಲಿ ಹುಡುಕಿ, ಮಸಾಲೆ ದೋಸೆಯ ಮುಂದೆ 200 ಎಂದು ಬರೆಸಿದ್ದರು. ‘ಯಾರ ಮನೆಯ ದೋಸೆ ಇದು?’ ಎಂದು ಕೇಳಿದೆ. ಮರುದಿನ ಬೆಳಿಗ್ಗೆ ಐದಕ್ಕೆ ತಕ್ಕಡಿ ಹಿಡಿದು ಅವರ ಅಡುಗೆಮನೆಗೇ ಹೋದೆ.

ಹಿಂದಿನ ದಿನ ನೆನೆಸಿದ್ದು ಮೂರು ಕಿಲೋ ಅಕ್ಕಿ, ಒಂದು ಕಿಲೋ ಉದ್ದಿನ ಬೇಳೆ. ಒಣಗಿದ್ದಾಗ ಇವುಗಳ ನೂರು ಗ್ರಾಮಿಗೆ ಸುಮಾರು 350 ಕ್ಯಾಲೊರಿ, ನಾಲ್ಕು ಕಿಲೋಗೆ 14,000. ರುಬ್ಬುವಾಗ ಸೇರಿದ ನೀರಿಗೆ ಕ್ಯಾಲೊರಿ ಇಲ್ಲ. ಹಾಗಾಗಿ ಹಿಟ್ಟನ್ನು ತೂಗಲಿಲ್ಲ, ಎಷ್ಟು ದೋಸೆಯಾಯಿತೆಂದು ಎಣಿಸಿದೆವು. 90 ಆಯಿತು. ಒಂದಕ್ಕೆ ಸುಮಾರು 155.

ಕಾವಲಿಗೆ ಎಷ್ಟು ಎಣ್ಣೆ ಎಂದು ಕೇಳಿದರೆ ದೋಸೆ ಹುಯ್ಯುವ ಭಟ್ಟರು, ‘ಒಂದು ಚಮಚ, ಅಷ್ಟೇ’ ಎಂದರು. ಚಮಚವೆಂದರೆ ಐದು ಗ್ರಾಂ, 45 ಕ್ಯಾಲೊರಿ. ನಾನು ವಾದಿಸಲಿಲ್ಲ. ಎಣ್ಣೆ ಡಬ್ಬಿಯನ್ನು ಮೊದಲೇ ತೂಗಿಟ್ಟಿದ್ದೆ, ತೊಂಬತ್ತನೆಯ ದೋಸೆ ಎದ್ದ ಮೇಲೆ ಮತ್ತೆ ತೂಗಿದೆ. 1,260 ಗ್ರಾಂ ಇಳಿದಿತ್ತು! ದೋಸೆಗೆ 14 ಗ್ರಾಂ, ಅಂದರೆ 126 ಕ್ಯಾಲೊರಿ. ಭಟ್ಟರು ಸುಳ್ಳು ಹೇಳಿರಲಿಲ್ಲ. ಚಮಚ ಒಂದೇ ಸಲ, ಆದರೆ ಅಂಚಿಗೆ ಸುತ್ತಲೂ ಬಿಡುವುದನ್ನು ಅವರ ಕೈ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪಲ್ಯಕ್ಕೆ ಒಗ್ಗರಣೆಯೂ ಸೇರಿ 85, ತೆಂಗಿನಕಾಯಿ ಚಟ್ನಿಗೆ 80. ಕೂಡಿದರೆ 446. ಫಲಕದಲ್ಲಿ ‘ಸುಮಾರು 450, ಒಂದು ದೋಸೆ, ಪಲ್ಯ ಮತ್ತು ಒಂದು ಬಟ್ಟಲು ಚಟ್ನಿಗೆ’ ಎಂದು ಬರೆಯಿರಿ ಎಂದೆ. 446 ಎಂದು ಬರೆದರೆ ನಿಮ್ಮ ಭಟ್ಟರ ಕೈ ತಕ್ಕಡಿಯಂತೆ ನಡೆಯುತ್ತದೆ ಎಂದಾಗುತ್ತದೆ. ಬೆಣ್ಣೆ ಹಾಕುವ ದೋಸೆಗೆ ಬೇರೆ ಸಾಲು ಬೇಕು.

ವಡೆಗೂ ಇದೇ ಉಪಾಯ. ಬಾಣಲೆಗೆ ಸುರಿದ ಎಣ್ಣೆಯನ್ನು ತೂಗಿ, ಕರಿದು ಮುಗಿದ ಮೇಲೆ ಉಳಿದದ್ದನ್ನು ತೂಗಿ, ವ್ಯತ್ಯಾಸವನ್ನು ವಡೆಗಳಿಗೆ ಹಂಚಿ. ಬಾಣಲೆಯಲ್ಲಿದ್ದ ಎಣ್ಣೆಯನ್ನೆಲ್ಲ ವಡೆಯ ಲೆಕ್ಕಕ್ಕೆ ಹಾಕಬೇಡಿ, ಅದು ಅನ್ಯಾಯ.

ಸಮಯ ಮುಗಿಯುತ್ತಿದೆ. ಪ್ರೋಟೀನ್, ಉಪ್ಪಿನ ಮಾತು ಉಳಿಯಿತು. ಅವಕ್ಕೂ ಇಡೀ ಪಾತ್ರೆಗೆ ಹಾಕಿದ್ದನ್ನು ಬಡಿಸಿದ ಪಾಲುಗಳಿಂದ ಭಾಗಿಸುವುದೇ ದಾರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ಹಿಡಿದು ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಶಕ್ತಿಯನ್ನು ಕೊಟ್ಟಿರುವುದು ಕಿಲೋಜೂಲಿನಲ್ಲಿ. 4.184ರಿಂದ ಭಾಗಿಸದಿದ್ದರೆ ನಿಮ್ಮ ಇಡ್ಲಿಯೂ ಮದುವೆ ಊಟದಷ್ಟು ಭಾರವಾಗುತ್ತದೆ. ನಮಸ್ಕಾರ.