ಸೋಮವಾರ ರಜೆ, ಆದ್ರೂ ₹1,850 ವ್ಯಾಪಾರ!

ನಮಸ್ಕಾರ ಎಲ್ರಿಗೂ. ಇವತ್ತು ಬೇರೇನೋ ಮಾತಾಡೋಣ ಅಂತ ಕೂತಿದ್ದೆ. ಆದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಬರೆದಿದಾರೆ: "ನಾವೇನು ಲಂಡನ್ನಲ್ಲಿ ಇಡ್ಲಿ ಮಾರ್ತೀವಾ? ಡೇಟಾಬೇಸಲ್ಲಿ ಐಎಸ್‌ಟಿ ಟೈಮನ್ನೇ ಹಾಕಿ, ಲೆಕ್ಕ ತಾನಾಗೇ ಸರಿಹೋಗುತ್ತೆ." ಅದಕ್ಕೆ ಲೈಕು ಬೇರೆ! ಲೈಕ್ ಒತ್ತಿದವರೇ, ಸ್ವಲ್ಪ ಕೂತ್ಕೊಳ್ಳಿ.

ನಾನು ಹೇಳೋದು ಒಂದೇ ಮಾತು. ಡೇಟಾಬೇಸಲ್ಲಿ ಬಿಲ್ಲಿನ ಸಮಯ ಬರೆದಿಡೋದು ಯುಟಿಸಿಯಲ್ಲಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆಗಿರೋ ಗ್ರೀನಿಚ್ ಲೆಕ್ಕದ ಸಮಯದಲ್ಲಿ. ಆ ಯುಟಿಸಿ ಏನೂ ತಪ್ಪು ಮಾಡಿಲ್ಲ. ದಿನವನ್ನ ಎಲ್ಲಿ ಕತ್ತರಿಸಿದ್ರಿ ಅನ್ನೋದೇ ತಪ್ಪು. ದಿನ ಅಂಗಡಿಯದ್ದು, ಸರ್ವರ್‌ದಲ್ಲ.

ಮಾಟುಂಗಾದಲ್ಲಿ ನಮ್ಮ ಕುಂದಾಪುರ ಕಡೆಯ ಅಣ್ಣ ಒಬ್ರ ಹೋಟೆಲ್ ಇದೆ. ಬೆಳಿಗ್ಗೆ 5ಕ್ಕೆ ಬಾಗಿಲು ತೆಗೀತಾರೆ, ಸೋಮವಾರ ರಜೆ. ಅಣ್ಣ ಊರಿಗೆ ಹೋದಾಗ ಮೊಬೈಲಲ್ಲೇ ವ್ಯಾಪಾರ ನೋಡ್ತಾರೆ. ಗಲ್ಲಾದಲ್ಲಿ ಕೂತಿರೋ ಹುಡುಗ ರಾತ್ರಿ ಬಿಲ್ಲಿಂಗ್ ಮೆಷಿನ್‌ನಿಂದ ದಿನದ ಮೊತ್ತದ ಚೀಟಿ ತೆಗೆದು ಫೋಟೋ ಕಳಿಸ್ತಾನೆ. ಚೀಟಿಗೂ ಮೊಬೈಲಿಗೂ ತಾಳೆ ಇಲ್ಲ. ಮಂಗಳವಾರ ಚೀಟಿಯಲ್ಲಿ ₹38,200, ಮೊಬೈಲಲ್ಲಿ ₹38,050. ನೂರೈವತ್ತು ರೂಪಾಯಿ ಎಲ್ಲಿ ಹೋಯ್ತು? ಅಣ್ಣಂಗೆ ಹುಡುಗನ ಮೇಲೆ ಅನುಮಾನ. ಎತ್ತಿಗೆ ಜ್ವರ, ಎಮ್ಮೆಗೆ ಬರೆ!

ನಾನು ಕೇಳಿದ್ದು ಒಂದೇ ಪ್ರಶ್ನೆ: ಅಣ್ಣಾ, ಸೋಮವಾರದ ಮೊತ್ತ ಎಷ್ಟು ತೋರಿಸ್ತಿದೆ? "₹1,850." ಬೀಗ ಹಾಕಿದ ಹೋಟೆಲಲ್ಲಿ ₹1,850 ವ್ಯಾಪಾರ ಮಾಡಿದ್ದು ಯಾರು, ಹೆಗ್ಗಣವಾ?

ನೋಡಿ, ಯುಟಿಸಿಯಲ್ಲಿ ಮಧ್ಯರಾತ್ರಿ ಆದಾಗ ನಮ್ಮಲ್ಲಿ ಬೆಳಿಗ್ಗೆ ಐದೂವರೆ. ರಿಪೋರ್ಟ್ ಬರೆದ ಪುಣ್ಯಾತ್ಮ ಹೀಗೆ ಬರೆದಿದ್ದ, ಸ್ಕ್ರೀನ್ ಮೇಲೆ ಹಾಕ್ತೀನಿ:

```sql
SELECT DATE(created_at), SUM(total)
FROM orders
GROUP BY DATE(created_at);
```

ಇದು ದಿನವನ್ನ ನಮ್ಮ ಬೆಳಗಿನ ಐದೂವರೆಗೆ ಕತ್ತರಿಸುತ್ತೆ. ಮಂಗಳವಾರ 5ರಿಂದ 5:30ರ ಒಳಗೆ ಆದ ₹1,850 ಹೋಗಿ ಸೋಮವಾರದಲ್ಲಿ ಕೂತ್ಕೊಳ್ತು. ಬುಧವಾರದ ಮೊದಲ ಅರ್ಧ ಗಂಟೆಯ ₹1,700 ಮಂಗಳವಾರಕ್ಕೆ ಬಂತು. ಕಳೀರಿ, ಕೂಡಿಸಿ: 38,200, ಮೈನಸ್ 1,850, ಪ್ಲಸ್ 1,700. ಬಂತಾ 38,050? ಹುಡುಗ ಒಂದು ರೂಪಾಯಿ ಮುಟ್ಟಿಲ್ಲ ಸ್ವಾಮಿ!

ಇದ್ರಲ್ಲಿರೋ ವಿಷ ಏನು ಗೊತ್ತಾ? ಪ್ರತಿದಿನ ಒಂದು ತುಂಡು ಹೋಗುತ್ತೆ, ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇನ್ನೊಂದು ತುಂಡು ಬರುತ್ತೆ. ಹಾಗಾಗಿ ವ್ಯತ್ಯಾಸ ಸಣ್ಣದಾಗೇ ಕಾಣುತ್ತೆ, ಚಿಲ್ಲರೆ ಕಳ್ಳತನದ ಹಾಗೆ. ತಿಂಗಳ ಕೊನೆಗೆ ಒಟ್ಟು ನೋಡಿದ್ರೆ ಹೆಚ್ಚುಕಡಿಮೆ ಸರಿಯಾಗೇ ಇರುತ್ತೆ. ರಜೆ ದಿನ ಮಾತ್ರ ಸಿಕ್ಕಿಬೀಳುತ್ತೆ. ಹಾಂ, ಏಪ್ರಿಲ್ 1ರ ಬೆಳಗಿನ ಬಿಲ್ಲುಗಳು ಮಾರ್ಚ್ 31ಕ್ಕೆ, ಅಂದ್ರೆ ಹಿಂದಿನ ಹಣಕಾಸು ವರ್ಷಕ್ಕೆ ಹೋಗ್ತವೆ. ಆ ರಿಪೋರ್ಟ್ ಹಿಡ್ಕೊಂಡು ಜಿಎಸ್‌ಟಿ ತುಂಬೋಕೆ ಹೋದ್ರೆ ನಿಮ್ಮ ಸಿಎ ಫೋನ್ ಮಾಡ್ತಾರೆ, ಪ್ರೀತಿಯಿಂದಲ್ಲ.

ಅಂದ ಹಾಗೆ ಸಬ್‌ಸ್ಕ್ರೈಬ್ ಮಾಡಿ. ಮುಂಬೈಯಲ್ಲಿ ಕೂತು ಕನ್ನಡದಲ್ಲಿ ಎಸ್‌ಕ್ಯೂಎಲ್ ಬಗ್ಗೆ ಕೂಗಾಡೋರು ಇನ್ನೆಷ್ಟು ಜನ ಸಿಗ್ತಾರೆ ನಿಮಗೆ?

ಈಗ ಕಮೆಂಟಿನ ಮಹಾಶಯರು. ಐಎಸ್‌ಟಿಯಲ್ಲೇ ಹಾಕ್ಬೇಕಂತೆ. ಸರಿ, ಇವತ್ತಿಂದ ಹಾಕಿದ್ರಿ. ನಿನ್ನೆವರೆಗಿನ ಸಾಲುಗಳು ಯುಟಿಸಿ, ಇವತ್ತಿನವು ಐಎಸ್‌ಟಿ. ಒಂದೇ ಕಾಲಮ್ಮು, ಎರಡು ಗಡಿಯಾರ, ಯಾವುದು ಯಾವುದು ಅಂತ ಗುರುತಿಲ್ಲ. ಆಮೇಲೆ ಇನ್ನೊಬ್ಬ ಬುದ್ಧಿವಂತ ಬಂದು "ಅಯ್ಯೋ, ಇದು ಯುಟಿಸಿ ಅಲ್ವಾ" ಅಂತ ಮತ್ತೆ ಐದೂವರೆ ಗಂಟೆ ಸೇರಿಸ್ತಾನೆ. ಆಗ ಸಂಜೆ ಆರೂವರೆ ನಂತರದ ವ್ಯಾಪಾರವೆಲ್ಲ ನಾಳೆಗೆ! ಮೈಎಸ್‌ಕ್ಯೂಎಲ್‌ನಲ್ಲಿ ಕಾಲಮ್ `TIMESTAMP` ಆಗಿದ್ದು, ಸೆಷನ್ನಿನ ಟೈಮ್ ಝೋನ್ `+05:30` ಇದ್ರೆ ಅದು ತಾನೇ ಬದಲಿಸಿ ಕೊಡುತ್ತೆ. ಅದರ ಮೇಲೆ ನೀವೂ ಬದಲಿಸಿದ್ರೆ ಇದೇ ಕಥೆ.

ಹಾಗಾಗಿ ಗುರುತು ಇಟ್ಕೊಳ್ಳಿ. ಬೆಳಿಗ್ಗೆ ಐದೂವರೆ ಮೊದಲಿನ ಬಿಲ್ಲು ನಿನ್ನೆಗೆ ಹೋಗಿದ್ರೆ ಯಾರೂ ಬದಲಿಸಿಲ್ಲ ಅಂತ ಅರ್ಥ. ಸಂಜೆ ಆರೂವರೆ ನಂತರದ್ದು ನಾಳೆಗೆ ಹೋಗಿದ್ರೆ ಎರಡು ಸಲ ಬದಲಿಸಿದ್ದಾರೆ. ಅಂಚಿನಲ್ಲಿರೋ ಒಂದೇ ಒಂದು ಬಿಲ್ ನಂಬರ್ ಹಿಡಿದು ನೋಡಿದ್ರೆ ಸಾಕು. ಕಾಲಮ್ಮು ಯುಟಿಸಿಯಲ್ಲಿರೋ `DATETIME` ಆಗಿದ್ರೆ, ಸರಿಯಾದ ಸಾಲು ಇದು:

```sql
DATE(CONVERT_TZ(created_at, '+00:00', '+05:30'))
```

`SELECT`ನಲ್ಲೂ `GROUP BY`ನಲ್ಲೂ ಇದನ್ನೇ ಹಾಕಿ. ಮುಗೀತು. ಉಳಿದದ್ದು ಯುಟಿಸಿಯಲ್ಲೇ ಇರಲಿ, ಅದನ್ನ ಮುಟ್ಟಬೇಡಿ. ದಿನ ಅಂಗಡಿಯದ್ದು!

ಮುಗೀತು ಅಂದೆ, ಆದ್ರೆ ಗೋವಾದವರು ಬಿಡಲ್ಲ. ಕಲಂಗೂಟ್‌ನಲ್ಲಿ ರಾತ್ರಿ 2ರವರೆಗೆ ನಡೆಸೋ ರೆಸ್ಟೋರೆಂಟ್ ಇದೆ ಅಂತ ಇಟ್ಕೊಳ್ಳಿ. ಅವರ ಶನಿವಾರ ಮುಗಿಯೋದು ಭಾನುವಾರ ಬೆಳಗಿನ ಜಾವ, ಗಲ್ಲಾ ಎಣಿಸಿದ ಮೇಲೆ. ತಮಾಷೆ ಏನಪ್ಪಾ ಅಂದ್ರೆ, ಅಲ್ಲಿ ತಪ್ಪು ರಿಪೋರ್ಟೇ ಸರಿಯಾಗಿ ಬರುತ್ತೆ! ಐದೂವರೆಗೆ ಕತ್ತರಿಸಿದ್ರೆ ಆಗ ಅಂಗಡಿ ಮುಚ್ಚಿರುತ್ತೆ ನೋಡಿ. ಒಬ್ಬ ಉತ್ಸಾಹಿ ಹುಡುಗ ಬಂದು ಯುಟಿಸಿ "ಸರಿ ಮಾಡಿ" ಮಧ್ಯರಾತ್ರಿಗೆ ಕತ್ತರಿಸ್ತಾನೆ, ಅವತ್ತಿಂದ ತಾಳೆ ತಪ್ಪುತ್ತೆ. ಅಂಥ ಕಡೆ ಸ್ಥಳೀಯ ಸಮಯಕ್ಕೆ ಬದಲಿಸಿ, ಆಮೇಲೆ 4 ಗಂಟೆ ಕಳೆದು ತಾರೀಕು ತೆಗೀಬೇಕು. ಬಿಲ್ಲಿನ ಮೇಲಿನ ತಾರೀಕು ಕ್ಯಾಲೆಂಡರ್‌ದೇ ಇರಲಿ, ಗಲ್ಲಾದ ತಾರೀಕು ಬೇರೆ ಕಾಲಮ್ಮಲ್ಲಿ ಇರಲಿ. ಯಾರ ದಿನ? ಅಂಗಡಿಯ ದಿನ!

"ಒಂದೇ ದೇಶ, ಒಂದೇ ಟೈಮು, ಇಷ್ಟೆಲ್ಲ ಯಾಕೆ" ಅಂತೀರಾ? ಈ ಊರಿನ ಇತಿಹಾಸ ಓದ್ರಪ್ಪಾ. 1906ರಲ್ಲಿ ಐಎಸ್‌ಟಿ ಬಂದ್ಮೇಲೂ ಬಾಂಬೆ ತನ್ನದೇ ಬಾಂಬೆ ಟೈಮನ್ನ 1955ರವರೆಗೆ ಬಿಟ್ಟಿರಲಿಲ್ಲ, ಐಎಸ್‌ಟಿಗಿಂತ 39 ನಿಮಿಷ ಹಿಂದೆ. ಅವರ ಹಠ ನನಗೆ ಇಷ್ಟ. ಈಗ ಟೈಮ್ ಝೋನ್ ಪಟ್ಟಿಯಲ್ಲಿ `Asia/Mumbai` ಅಂತ ಹೆಸರೇ ಇಲ್ಲ, `Asia/Kolkata` ಅಂತ ಹಾಕ್ಬೇಕು. ಇದ್ರ ಬಗ್ಗೆ ನಂಗೆ ಸಿಟ್ಟಿದೆ, ಬೇರೆ ಎಪಿಸೋಡ್ ಮಾಡ್ತೀನಿ.

ಈಗ್ತಾನೇ ಇನ್ನೊಂದು ಕಮೆಂಟು: "ನೂರೈವತ್ತು ರೂಪಾಯಿಗೆ ಇಷ್ಟು ಗಲಾಟೆಯಾ?" ಹೌದು ಮಾರಾಯ್ರೆ, ನೂರೈವತ್ತಕ್ಕೇ! ಆ ಹುಡುಗನ ಹತ್ರ ಹೋಗಿ ಹೇಳಿ ಅದು ಸಣ್ಣ ಮೊತ್ತ ಅಂತ. ನಾನಂತೂ ನಿಲ್ಲಿಸಲ್ಲ. ದಿನ ಅಂಗಡಿಯದ್ದು, ಅಂಗಡಿಯದ್ದು, ಅಂಗಡಿಯದ್ದು! ಬಾಯಿ ಒಣಗ್ತಿದೆ. ಈ ಎಪಿಸೋಡಿಗೆ ಸ್ಪಾನ್ಸರ್ ಇಲ್ಲ, ಇದ್ದಿದ್ರೆ ಇಷ್ಟೊತ್ತಿಗೆ ಓಡಿ ಹೋಗಿರ್ತಿದ್ರು. ಮುಂದಿನ ವಾರ ಜಿಎಸ್‌ಟಿ ಪೈಸೆ ರೌಂಡಿಂಗ್ ಬಗ್ಗೆ ಬೈತೀನಿ, ಕಾಫಿ ಹಿಡ್ಕೊಂಡು ಬನ್ನಿ.